ಮುಖ ಕಾಣದ ವಿಡಿಯೊದಲ್ಲಿ ಆಗುಂಬೆಯ ಮಳೆ

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುತ್ತದೆ. ಅಲ್ಲಿಂದ ಪೂರ್ವಕ್ಕೆ ಹೊರಟು ಚಳ್ಳಕೆರೆ ಮುಟ್ಟುವಷ್ಟರಲ್ಲಿ ಅದು 500ರ ಆಸುಪಾಸಿಗೆ ಇಳಿದಿರುತ್ತದೆ. ಯಾಕೆ ಹೀಗೆ ಅಂತ ಹೈಸ್ಕೂಲ್ ಮಕ್ಕಳಿಗೆ ಹೇಳಲು ಆರು ನಿಮಿಷದ ಒಂದು ವಿಡಿಯೊ ಮಾಡಿದೆ. ಅದರಲ್ಲಿ ನನ್ನ ಮುಖ ಎಲ್ಲೂ ಇಲ್ಲ. ದನಿ ಇದೆ, ಬೇರೆಯವರು ತೆಗೆದು ಎಲ್ಲರ ಬಳಕೆಗೆ ಇಟ್ಟ ಸ್ಟಾಕ್ ಕ್ಲಿಪ್‌ಗಳಿವೆ, ನಾನೇ ಬರೆದ ಎರಡು ರೇಖಾಚಿತ್ರಗಳಿವೆ. ಇಂಥ ವಿಡಿಯೊ ಹೇಗೆ ಕಟ್ಟುವುದು ಅಂತ ಕೇಳುವವರಿಗೆ ಇದೇ ವಿಡಿಯೊ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ದನಿ. ಕ್ಲಿಪ್ ಹುಡುಕುವ ಮುಂಚೆ, ಚಿತ್ರ ಬರೆಯುವ ಮುಂಚೆ ದನಿ ಪೂರ್ತಿ ರೆಕಾರ್ಡ್ ಆಗಿರಬೇಕು. ಚಿತ್ರ ಮೊದಲು ಜೋಡಿಸಿ ಆಮೇಲೆ ಮಾತಾಡಿದರೆ, ಕ್ಲಿಪ್ ಮುಗಿಯುವಷ್ಟರಲ್ಲಿ ವಾಕ್ಯ ಮುಗಿಸುವ ಅವಸರ ದನಿಯಲ್ಲಿ ಕೇಳಿಸುತ್ತದೆ. ನಾನು ನಿಧಾನಕ್ಕೆ ಓದಿದರೆ ನಿಮಿಷಕ್ಕೆ ನೂರು ಪದದಷ್ಟು ಆಗುತ್ತದೆ. ಹಾಗಾಗಿ ಆರು ನಿಮಿಷಕ್ಕೆ ಆರುನೂರು ಪದದ ಸ್ಕ್ರಿಪ್ಟ್ ಸಾಕು. ಫ್ಯಾನ್ ಆಫ್ ಮಾಡಿ, ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು, ಅದರ ಕಡೆ ಮುಖ ಮಾಡಿ ಓದಿ. ಮೈಕ್ ಬಾಯಿಂದ ಒಂದು ಗೇಣು ದೂರ ಇರಲಿ. ಮುಗಿದ ಮೇಲೆ ಹತ್ತು ಸೆಕೆಂಡು ಸುಮ್ನೆ ಕೂತು ಕೋಣೆಯ ಮೌನವನ್ನೂ ರೆಕಾರ್ಡ್ ಮಾಡಿ. ತಪ್ಪಿದ ಪದ ಕತ್ತರಿಸಿದಾಗ ಆಗುವ ತೂತಿಗೆ ಅದನ್ನೇ ತುಂಬಬೇಕು. ಪೂರ್ತಿ ನಿಶ್ಶಬ್ದ ತುಂಬಿದರೆ ದನಿ ಕಡಿದು ಹೋದ ಹಾಗೆ ಕೇಳಿಸುತ್ತದೆ. ಕೊನೆಗೆ ಒಟ್ಟು ಸದ್ದನ್ನು -14 LUFS ಹತ್ತಿರ ತನ್ನಿ, LUFS ಅಂದರೆ ಕಿವಿಗೆ ಸದ್ದು ಎಷ್ಟು ಜೋರಾಗಿ ಕೇಳಿಸುತ್ತದೆ ಎಂಬುದರ ಅಳತೆ. ಜಾಸ್ತಿ ಇದ್ದರೆ ಯೂಟ್ಯೂಬ್ ತಾನೇ ತಗ್ಗಿಸುತ್ತದೆ. ಆದರೆ ಕಮ್ಮಿ ಇದ್ದರೆ ಏರಿಸುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಸ್ಕ್ರಿಪ್ಟನ್ನು ಎದುರಿಗಿಟ್ಟುಕೊಂಡು ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ ಕೇಳಿ. ಇದು ಕಂಡರೆ ಸಾಕಾ, ಇಲ್ಲಾ ಅರ್ಥ ಆಗಬೇಕಾ? 'ಜೂನ್ ಬಂತೆಂದರೆ ಅರಬ್ಬೀ ಸಮುದ್ರದ ಮೇಲೆ ಮೋಡ ದಟ್ಟವಾಗುತ್ತದೆ' ಎಂಬ ವಾಕ್ಯ ಕಂಡರೆ ಸಾಕು. ಅಲ್ಲಿ ಸ್ಟಾಕ್ ಕ್ಲಿಪ್ ಹಾಕಿ. 'ಮೇಲೇರಿದ ಗಾಳಿ ಹಿಗ್ಗಿ ತಣ್ಣಗಾಗುತ್ತದೆ' ಎಂಬುದು ಅರ್ಥ ಆಗಬೇಕು. ಗಾಳಿ ತಣ್ಣಗಾಗುವುದನ್ನು ಯಾವ ಕ್ಯಾಮೆರಾ ತಾನೇ ಹಿಡಿಯುತ್ತದೆ? ಅಲ್ಲಿ ರೇಖಾಚಿತ್ರವೇ ಬೇಕು. ಈ ಒಂದು ಪ್ರಶ್ನೆ ಕೇಳದೆ ಹೋದರೆ ಇಡೀ ವಿಡಿಯೊ ಮಳೆ, ಎಲೆ, ಮೋಡದ ಕ್ಲಿಪ್‌ಗಳಿಂದ ತುಂಬಿಹೋಗುತ್ತದೆ. ನೋಡಲು ಚೆಂದ, ತಲೆಗೆ ಏನೂ ಹೋಗಿರುವುದಿಲ್ಲ.

ಚಿತ್ರ ಬರೆಯುವಾಗ ನಾನು ಮೊದಲ ಸಲ ತಪ್ಪಿದೆ. ಎಡಕ್ಕೆ ಸಮುದ್ರ, ನಡುವೆ ಕಡಿದಾದ ಬೆಟ್ಟ, ಬಲಕ್ಕೆ ಬಯಲು. ಸಮುದ್ರದಿಂದ ಹೊರಟ ಬಾಣ ಬೆಟ್ಟಕ್ಕೆ ತಾಗಿ ನಿಲ್ಲುತ್ತದೆ, ಅಲ್ಲೇ ಮಳೆ. ವಿಡಿಯೊವನ್ನು ಅಕ್ಕನ ಮಗಳಿಗೆ ತೋರಿಸಿ, 'ಈಗ ನೋಡಿದ್ದನ್ನ ಬರಿ ಪುಟ್ಟಿ' ಅಂದೆ. ಅವಳು ಬೆಟ್ಟವನ್ನು ಕಾಂಪೌಂಡ್ ಗೋಡೆಯ ಹಾಗೆ ನೆಟ್ಟಗೆ ಬರೆದಳು. 'ಮೋಡ ಬಂದು ಡಿಕ್ಕಿ ಹೊಡೀತು ಮಾಮ, ಅದಕ್ಕೇ ಮಳೆ' ಅಂದಳು. ನನ್ನ ದನಿ ಸರಿಯಾಗಿಯೇ ಹೇಳಿತ್ತು. ಆದರೆ ಅವಳು ನಂಬಿದ್ದು ಬಾಣವನ್ನು.

ಆ ಚಿತ್ರ ಅಳಿಸಿ ಹೊಸದಾಗಿ ಬರೆದೆ. ಈ ಸಲ ಅದನ್ನು ನಾಲ್ಕು ಪದರ ಮಾಡಿದೆ. ಮೊದಲ ಪದರದಲ್ಲಿ ನೆಲ ಮತ್ತು ಸಮುದ್ರದ ಗೆರೆ ಮಾತ್ರ. ಎರಡನೆಯದರಲ್ಲಿ ಇಳಿಜಾರನ್ನು ಹಿಡಿದು ಮೇಲೇರುವ ಬಾಣ, ಪಕ್ಕದಲ್ಲಿ ಒಂದು ಥರ್ಮಾಮೀಟರ್. ಮೋಡ ಕಟ್ಟುವ ತನಕ ಗಾಳಿ ಒಂದು ಕಿಲೋಮೀಟರ್ ಏರಿದರೆ ಸುಮಾರು 10 ಡಿಗ್ರಿ ತಣ್ಣಗಾಗುತ್ತದೆ, ಅದನ್ನು ಥರ್ಮಾಮೀಟರ್ ತೋರಿಸುತ್ತದೆ. ಮೂರನೆಯದರಲ್ಲಿ ಮೋಡ ಮತ್ತು ಮಳೆ. ನಾಲ್ಕನೆಯದರಲ್ಲಿ ಬೆಟ್ಟ ದಾಟಿ ಕೆಳಗಿಳಿಯುವ ಬಾಣ. ಇಳಿಯುವ ಗಾಳಿ ಮತ್ತೆ ಬಿಸಿಯಾಗುತ್ತದೆ, ಉಳಿದ ಮೋಡ ಕರಗುತ್ತದೆ. ಟೈಮ್‌ಲೈನಿನಲ್ಲಿ ಪ್ರತಿ ಪದರವೂ ದನಿ ಆ ಪದ ಹೇಳುವ ಕ್ಷಣಕ್ಕೇ ಬರಬೇಕು. 'ಏರುತ್ತದೆ' ಅಂದಾಗ ಬಾಣ, 'ತಣ್ಣಗೆ' ಅಂದಾಗ ಥರ್ಮಾಮೀಟರ್. ನಾಲ್ಕನ್ನೂ ಒಟ್ಟಿಗೆ ತೋರಿಸಿದರೆ ಕಣ್ಣು ಮಳೆಯ ಕಡೆ ಓಡುತ್ತದೆ, ಕಾರಣ ಕೇಳುವ ಕಿವಿ ಹಿಂದೆ ಬೀಳುತ್ತದೆ.

ಅಳತೆಯ ಮಾತೂ ಇದೆ. ತೆರೆಯ ಮೇಲೆ 200 ಕಿಲೋಮೀಟರಿಗೆ 1,600 ಪಿಕ್ಸೆಲ್ ಕೊಟ್ಟರೆ, ಒಂದು ಕಿಲೋಮೀಟರ್ ಎತ್ತರದ ಘಟ್ಟಕ್ಕೆ ಸಿಗುವುದು ಬರೀ 8 ಪಿಕ್ಸೆಲ್. ಅದು ಕಣ್ಣಿಗೆ ಕಾಣುವುದೇ ಇಲ್ಲ. ಎತ್ತರವನ್ನು ಹಿಗ್ಗಿಸಲೇಬೇಕು. ಆದರೆ 'ಅರ್ಥ ಆಗಲಿ ಅಂತ ಬೆಟ್ಟವನ್ನು ಎತ್ತರ ಮಾಡಿ ಬರೆದಿದ್ದೇನೆ' ಅಂತ ದನಿಯಲ್ಲೇ ಹೇಳಿ. ಒಂದು ವಾಕ್ಯ ಸಾಕು.

ಚಿತ್ರದೊಳಗೆ ಕನ್ನಡ ಅಕ್ಷರ ಹಾಕುವಾಗ ಹುಷಾರು. ಕೆಲವು ಎಡಿಟಿಂಗ್ ಸಾಫ್ಟ್‌ವೇರ್‌ಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗುತ್ತದೆ, ಅರ್ಕಾವತ್ತು ಜಾಗ ಬಿಟ್ಟು ಓಡುತ್ತದೆ. 'ವರ್ಷ', 'ರಾಷ್ಟ್ರ', 'ಘಟ್ಟ' ಈ ಮೂರು ಪದ ಟೈಪ್ ಮಾಡಿ ನೋಡಿ, ಗೊತ್ತಾಗಿಬಿಡುತ್ತದೆ. ಸರಿ ಬರದಿದ್ದರೆ ಗುದ್ದಾಡುವುದು ಬೇಡ. ಅಕ್ಷರವನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ಸಾಫ್ಟ್‌ವೇರಿನಲ್ಲಿ ಯೂನಿಕೋಡ್ ಫಾಂಟ್ ಬಳಸಿ ಬರೆದು, ಹಿನ್ನೆಲೆ ಇಲ್ಲದ PNG ಮಾಡಿ ತಂದು ಕೂರಿಸಿ. ನನಗೆ ನೋಟೊ ಸಾನ್ಸ್ ಕನ್ನಡ ಒಗ್ಗಿದೆ. ಸಾಲುಗಳ ನಡುವೆ ಜಾಗ ಧಾರಾಳವಾಗಿ ಬಿಡಿ. ಇಂಗ್ಲಿಷಿಗೆ ಸಾಲುವ ಜಾಗ ನಮ್ಮ ಒತ್ತುಗಳಿಗೆ ಸಾಲುವುದಿಲ್ಲ, ಕೆಳಗಿನ ಸಾಲಿಗೆ ಹೋಗಿ ತಾಗುತ್ತವೆ.

ಇನ್ನು ಸ್ಟಾಕ್ ಕ್ಲಿಪ್. ಪೆಕ್ಸೆಲ್ಸ್, ಪಿಕ್ಸಾಬೇ ಕ್ಲಿಪ್‌ಗಳನ್ನು ದುಡ್ಡು ಕೊಡದೆ ಬಳಸಬಹುದು. ವಿಕಿಮೀಡಿಯ ಕಾಮನ್ಸ್‌ನಲ್ಲಿ ಒಂದೊಂದಕ್ಕೂ ಒಂದೊಂದು ಲೈಸೆನ್ಸ್ ಇರುತ್ತದೆ, ಬಹಳಷ್ಟಕ್ಕೆ ತೆಗೆದವರ ಹೆಸರು ಹಾಕಲೇಬೇಕು. ತೊಡಕು ಇರುವುದು ಜಾಗದ ವಿಷಯದಲ್ಲಿ. `rain forest` ಅಂತ ಹುಡುಕಿದರೆ ಯಾವುದೋ ಖಂಡದ ಕಾಡು ಬರುತ್ತದೆ. ಒಮ್ಮೆ ಮಂಜು ಕವಿದ ಒಂದು ಸೊಗಸಾದ ಕ್ಲಿಪ್ಪನ್ನು 'ಆಗುಂಬೆ' ಎಂಬ ಪದದ ಮೇಲೆ ಇಟ್ಟಿದ್ದೆ. ತೀರ್ಥಹಳ್ಳಿ ಕಡೆಯ ಪರಿಚಯದ ಮೇಷ್ಟ್ರೊಬ್ಬರು ಫೋನ್ ಮಾಡಿ, 'ಅಲ್ಲಾರೀ, ಆ ಸೂಜಿ ಎಲೆ ಮರಗಳು ನಮ್ಮ ಘಟ್ಟದಲ್ಲಿ ಎಲ್ಲಿವೆ?' ಅಂದರು. ಅವರ ಮಾತು ನಿಜ. ಅಂದಿನಿಂದ ನಾನು ಒಂದು ಕಟ್ಟುನಿಟ್ಟು ಇಟ್ಟುಕೊಂಡಿದ್ದೇನೆ. ದನಿ ಊರಿನ ಹೆಸರು ಹೇಳುವಾಗ ಆ ಊರಿನದೇ ಚಿತ್ರ ಇರಬೇಕು. ಅದು ಸಿಗದಿದ್ದರೆ ನಕಾಶೆ ಹಾಕುತ್ತೇನೆ. ಬೇರೆ ಊರಿನ ಮಳೆಹನಿ, ಕೊಡೆ, ಹಂಚಿನ ಮಾಡು, ಮೋಡ ಇವೆಲ್ಲ ಹೆಸರಿಲ್ಲದ ವಾಕ್ಯಗಳಿಗೆ ನಡೆಯುತ್ತವೆ.

ದಿಕ್ಕನ್ನೂ ನೋಡಿಕೊಳ್ಳಿ. ಚಿತ್ರದಲ್ಲಿ ಗಾಳಿ ಎಡದಿಂದ ಬಲಕ್ಕೆ ಬೀಸುತ್ತಿದ್ದು, ಅದರ ಹಿಂದೆಯೇ ಬರುವ ಕ್ಲಿಪ್ಪಿನಲ್ಲಿ ಮೋಡ ಬಲದಿಂದ ಎಡಕ್ಕೆ ಹೋದರೆ ನೋಡುವವರಿಗೆ ಗಲಿಬಿಲಿ. ಕ್ಲಿಪ್ಪನ್ನು ಕನ್ನಡಿಯ ಹಾಗೆ ತಿರುಗಿಸಬಹುದು. ಆದರೆ ಅದರಲ್ಲಿ ಬೋರ್ಡು, ವಾಹನ ಇರಬಾರದು. ಬಸ್ಸು ರಸ್ತೆಯ ಬಲಗಡೆ ಓಡುತ್ತಿದ್ದರೆ ಮಕ್ಕಳು ಮೊದಲು ಅದನ್ನೇ ಗಮನಿಸುತ್ತಾರೆ.

ಬದಲಿಸಿದ ವಿಡಿಯೊವನ್ನು ಅಕ್ಕನ ಮಗಳ ಗೆಳತಿಗೆ ತೋರಿಸಿದೆ. ಹಳೆಯದನ್ನು ಅವಳು ನೋಡಿರಲಿಲ್ಲ. ಫೋನಿನಲ್ಲೇ ನೋಡಿದಳು, ಆಮೇಲೆ ಪೆನ್ಸಿಲ್ ಹಿಡಿದಳು. ಅವಳ ಬಾಣ ಇಳಿಜಾರು ಹಿಡಿದು ಮೇಲೆ ಹೋಯಿತು, ಮೋಡ ತುದಿಯ ಹತ್ತಿರ ಕಟ್ಟಿತು. ಬೆಟ್ಟದ ಆಚೆ ಕಡೆ ಇನ್ನೊಂದು ಬಾಣ ಕೆಳಗಿಳಿಸಿ ಅದರ ಪಕ್ಕ 'ಬಿಸಿ' ಅಂತ ಬರೆದಳು.