ಬೆಂಡೆಕಾಯಿ ಕೊಯ್ಯಲು ಬಂದಿದೆಯಾ? ಫೋಟೋ ನೋಡಿ ಹೇಳಬಹುದಾ?

ಪ್ರಶ್ನೆ: ಟೆರೇಸಿನ ಕುಂಡದಲ್ಲಿ ಬೆಂಡೆ ಬಿಟ್ಟಿದೆ. ಮೂರು ಫೋಟೋ ಕಳಿಸಿದ್ದೇನೆ. ಕಾಯಿ ಸುಮಾರು 9 ಸೆಂ.ಮೀ. ಇದೆ. ಇನ್ನೂ ಉದ್ದ ಬೆಳೆಯಲಿ ಅಂತ ಬಿಡಲಾ, ಈಗಲೇ ಕೊಯ್ಯಲಾ?

ಉತ್ತರ: ಈಗಲೇ ಕೊಯ್ಯಿರಿ. ಬಿಟ್ಟರೆ ನಾರು ಇನ್ನೂ ಜಾಸ್ತಿಯಾಗುತ್ತದೆ.

ನಿಮ್ಮ ಮೊದಲ ಫೋಟೋದಲ್ಲಿ ಕಾಯಿ ಅಂಗೈ ಮೇಲಿದೆ. ಅದರಿಂದ ಉದ್ದ ತಿಳಿಯುವುದಿಲ್ಲ. ಕ್ಯಾಮೆರಾಕ್ಕೆ ಹತ್ತಿರ ಹಿಡಿದರೆ ಪುಟ್ಟ ಕಾಯಿಯೂ ದೊಡ್ಡದಾಗಿ ಕಾಣುತ್ತದೆ. ಎರಡನೆಯದರಲ್ಲಿ ಕಾಯಿಗೆ ಒತ್ತಿಕೊಂಡಂತೆ ಸ್ಕೇಲ್ ಇಟ್ಟು, ನೇರ ಮೇಲಿನಿಂದ ತೆಗೆದಿದ್ದೀರಿ. ಅಳತೆಗೆ ಹೀಗೇ ತೆಗೆಯಬೇಕು.

ಅರ್ಕಾ ಅನಾಮಿಕದಂಥ ಸಾಮಾನ್ಯ ಹಸಿರು ತಳಿಗಳನ್ನು 7ರಿಂದ 10 ಸೆಂ.ಮೀ. ಇರುವಾಗ ಕೊಯ್ದರೆ ಹೆಚ್ಚಾಗಿ ಎಳೆಯದೇ ಸಿಗುತ್ತದೆ. ಕರಾವಳಿಯ ಹಾಲು ಬೆಂಡೆಗೆ ಈ ಲೆಕ್ಕ ನಡೆಯುವುದಿಲ್ಲ. ಅದು ಇದಕ್ಕಿಂತ ಎಷ್ಟೋ ಉದ್ದವಾದ ಮೇಲೂ ಮೆತ್ತಗಿರುತ್ತದೆ. ಇದರ ಉಲ್ಟಾ ಕೂಡ ಆಗುತ್ತದೆ. ಕುಂಡದಲ್ಲಿ ನೀರು ಸಾಲದಿದ್ದರೆ, ಚಳಿ ಇದ್ದರೆ ಕಾಯಿ ನಿಧಾನವಾಗಿ ಬೆಳೆಯುತ್ತದೆ. ಉದ್ದ ಬರುವ ಮೊದಲೇ ಬಲಿತುಬಿಡುತ್ತದೆ. ಹಾಗಾಗಿ ಉದ್ದಕ್ಕಿಂತ ವಯಸ್ಸನ್ನು ನಾನು ಹೆಚ್ಚು ನಂಬುತ್ತೇನೆ. ಬೆಂಡೆ ಹೂವು ಅರಳಿದ ದಿನವೇ ಬಾಡುತ್ತದೆ. ಆ ದಿನ ತೊಟ್ಟಿಗೆ ಒಂದು ದಾರ ಸಡಿಲವಾಗಿ ಕಟ್ಟಿ. ಬೇಸಿಗೆಯಲ್ಲಿ ನಾಲ್ಕೈದು ದಿನಕ್ಕೆ, ಚಳಿಯಲ್ಲಿ ಒಂದೆರಡು ದಿನ ತಡವಾಗಿ ಕಾಯಿ ಸಿದ್ಧವಾಗುತ್ತದೆ.

ನಿಮ್ಮ ಕಾಯಿಯ ನಿಜವಾದ ಸಂಗತಿ ಇರುವುದು ಮೂರನೇ ಫೋಟೋದಲ್ಲಿ. ಎಳೆ ಕಾಯಿಯ ತುದಿ ಬಗ್ಗಿಸಿದರೆ ಚಟಕ್ಕನೆ ಮುರಿಯುತ್ತದೆ. ಆ ಸದ್ದು ಫೋಟೋದಲ್ಲಿ ಬರುವುದಿಲ್ಲ, ಆದರೆ ಮುರಿದ ಜಾಗ ಬರುತ್ತದೆ. ಎಳೆಯದಾಗಿದ್ದರೆ ಅದು ನುಣ್ಣಗೆ, ಒದ್ದೆಯಾಗಿ ಹೊಳೆಯುತ್ತದೆ. ನಿಮ್ಮದರಲ್ಲಿ ತುದಿ ಪೂರ್ತಿ ಬೇರಾಗಿಲ್ಲ, ಏಣಿನ ಕಡೆ ಎರಡು ಮೂರು ಬಿಳಿ ಎಳೆಗಳಿಗೆ ಜೋತಾಡುತ್ತಿದೆ. ಅಂದರೆ ನಾರು ಶುರುವಾಗಿದೆ. ತುದಿ ಮುರಿಯದೆ ಸುಮ್ನೆ ಬಗ್ಗಿದ್ದರೆ ಪೂರ್ತಿ ಬಲಿತಿದೆ ಎನ್ನುತ್ತಿದ್ದೆ. ಒಂದು ಎಚ್ಚರ: ಕೊಯ್ದು ಎರಡು ದಿನ ಬಾಡಿದ ಎಳೆ ಕಾಯಿಯೂ ಬಗ್ಗುತ್ತದೆ. ಈ ಪರೀಕ್ಷೆ ತಾಜಾ ಕಾಯಿಗೆ ಮಾತ್ರ. ಮುರಿದ ತುದಿ ಬೇಗ ಕಪ್ಪಾಗುವುದರಿಂದ ಒಂದೇ ಕಾಯಿ ಮುರಿದು ನೋಡಿದರೆ ಸಾಕು.

ಅನುಮಾನ ಉಳಿದರೆ ಅದೇ ಕಾಯಿಯನ್ನು ನಡುವೆ ಅಡ್ಡ ಕತ್ತರಿಸಿ, ಹಗಲು ಬೆಳಕಲ್ಲಿ ಹತ್ತಿರದಿಂದ ಫೋಟೋ ತೆಗೆಯಿರಿ. ಬೀಜ ಸಣ್ಣಗೆ, ಬೆಳ್ಳಗೆ, ಉಗುರಿಗೆ ನಲುಗುವಂತಿರಬೇಕು. ಚಾಕು ಸಿಪ್ಪೆಯಲ್ಲೇ ತಡೆದು, ಕತ್ತರಿಸಿದ ಅಂಚು ಹರಿದಂತೆ ಕಂಡರೆ ಅದು ಪಲ್ಯಕ್ಕೆ ಬೇಡ.

ನಿಮ್ಮ 9 ಸೆಂ.ಮೀ. ಕಾಯಿಯನ್ನು ಸಣ್ಣಗೆ ಹೆಚ್ಚಿ ಸಾಂಬಾರಿಗೆ ಹಾಕಬಹುದು. ಇನ್ನು ಮೇಲೆ ದಿನ ಬಿಟ್ಟು ದಿನ ಕೊಯ್ಯಿರಿ. ಬಲಿತದ್ದನ್ನು ಗಿಡದಲ್ಲೇ ಬಿಟ್ಟರೆ ಗಿಡದ ಶಕ್ತಿಯೆಲ್ಲ ಬೀಜಕ್ಕೆ ಹೋಗಿ ಹೊಸ ಹೂವು ಕಡಿಮೆಯಾಗುತ್ತದೆ. ಬೀಜ ಬೇಕಿದ್ದರೆ ಒಂದು ಗಿಡವನ್ನು ಮಾತ್ರ ಅದಕ್ಕೆ ಮೀಸಲಿಡಿ. ಅದರ ಕಾಯಿ ಒಣಗಿ ಕಂದು ಬಣ್ಣಕ್ಕೆ ತಿರುಗಿ, ಏಣುಗಳ ಹತ್ತಿರ ಬಿರಿಯಲು ಶುರುವಾದಾಗ ಕಿತ್ತುಕೊಳ್ಳಿ.