ಜೋಳದ ಸಿಪ್ಪೆ ಕಂಡರೆ ಗಾಬರಿ ಬೇಡ, ಎಣ್ಣೆ ಕಂಡರೆ ಸುಮ್ನಿರಬೇಡಿ

ಅಕ್ಕ ಒಂದು ಬೆಳಿಗ್ಗೆ ಫೋನ್ ಮಾಡಿದಳು. "ಪಾಪುಗೆ ತಿಂದಿದ್ದು ಮೈಗೇ ಹತ್ತುತ್ತಿಲ್ಲ ಕಣೋ. ನಿನ್ನೆ ಕೊಟ್ಟ ಹೆಸರುಕಾಳು, ಕ್ಯಾರೆಟ್ ಎಲ್ಲ ಹಾಗೆ ಹಾಗೇ ಆಚೆ ಬಂದಿದೆ." ಪಾಪುಗೆ ಎರಡು ವರ್ಷ. ದಿನಕ್ಕೆ ಮೂರ್ನಾಲ್ಕು ಸಲ ತೆಳ್ಳಗೆ ಹೋಗುತ್ತಿದ್ದ. ಉಳಿದಂತೆ ಮನೆ ತುಂಬ ಓಡಾಡಿಕೊಂಡು ಗಲಾಟೆ ಮಾಡಿಕೊಂಡೇ ಇದ್ದ.

ಕಕ್ಕದಲ್ಲಿ ಕಾಳು ಕಂಡರೆ ಅದು ಮೈಗೆ ಹತ್ತಲಿಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಅಲ್ಲಿ ಕಾಣುವುದು ಹೆಚ್ಚಾಗಿ ಕಾಳಲ್ಲ, ಕಾಳಿನ ಸಿಪ್ಪೆ. ಮುಸುಕಿನ ಜೋಳವನ್ನೇ ನೋಡಿ. ಅದರ ಹಳದಿ ಹೊದಿಕೆ ಮುಖ್ಯವಾಗಿ ಸೆಲ್ಯುಲೋಸ್ ಮತ್ತು ಅಂಥದ್ದೇ ನಾರಿನಿಂದ ಆಗಿದೆ. ಸೆಲ್ಯುಲೋಸನ್ನು ಒಡೆಯುವ ಕಿಣ್ವ ಮನುಷ್ಯರ ಹತ್ತಿರ ಇಲ್ಲವೇ ಇಲ್ಲ. ಹಸುವಿಗೂ ಇಲ್ಲ, ಅದರ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಆ ಕೆಲಸ ಮಾಡಿಕೊಡುತ್ತವೆ. ಹಲ್ಲಿಗೆ ಸಿಕ್ಕು ಜೋಳದ ಕಾಳು ಒಡೆದರೆ ಒಳಗಿನ ಹಿಟ್ಟು ಕರಗಿ ರಕ್ತಕ್ಕೆ ಸೇರುತ್ತದೆ. ಸಿಪ್ಪೆ ಮಾತ್ರ ಖಾಲಿ ಚೀಲದ ಹಾಗೆ ಮುಂದೆ ಸಾಗುತ್ತದೆ. ಅಗಿಯದೆ ನುಂಗಿದ ಕಾಳು ಇಡಿಯಾಗಿಯೇ ಬಂದರೂ ಆಶ್ಚರ್ಯವಿಲ್ಲ.

ಟೊಮೆಟೊ ಸಿಪ್ಪೆ, ಮೆಣಸಿನಕಾಯಿ ಬೀಜ, ಸೀಬೆ ಬೀಜ, ಸೊಪ್ಪಿನ ನಾರು ಎಲ್ಲದರ ಕಥೆಯೂ ಇದೇ. ಟೊಮೆಟೊ ಸಿಪ್ಪೆಯ ಕೆಂಪು ನೋಡಿ ರಕ್ತ ಅಂದುಕೊಂಡವರಿದ್ದಾರೆ, ಬಾಳೆಹಣ್ಣಿನ ಕಪ್ಪು ಎಳೆಗಳನ್ನು ನೋಡಿ ಹುಳ ಅಂದುಕೊಂಡವರೂ ಇದ್ದಾರೆ. ಸಕ್ಕರೆ ಕಾಯಿಲೆಗೆ ನಿಧಾನವಾಗಿ ಕರಗುವ ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ಳುವವರಿಗೆ ಕೆಲವೊಮ್ಮೆ ಇಡೀ ಮಾತ್ರೆಯೇ ಹೊರಗೆ ಕಾಣಿಸಿಕೊಳ್ಳುತ್ತದೆ. ಅದೂ ಖಾಲಿ ಚೀಲವೇ. ಔಷಧಿ ಆಗಲೇ ಒಳಗೆ ಇಳಿದಿರುತ್ತದೆ.

ಇನ್ನು ವೇಗದ ವಿಷಯ. ಊಟ ಬಾಯಿಂದ ಹೊರಟು ಕೊನೆ ಮುಟ್ಟಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. ಅದರಲ್ಲಿ ಸತ್ವ ಹೀರುವ ಸಣ್ಣಕರುಳಿನಲ್ಲಿ ಕಳೆಯುವುದು ಕೆಲವೇ ಗಂಟೆ. ಉಳಿದ ಹೊತ್ತೆಲ್ಲ ದೊಡ್ಡಕರುಳಿನಲ್ಲಿ. ಬೇಧಿಯಾದಾಗ ಈ ದಾರಿಯೆಲ್ಲ ಅವಸರದಲ್ಲಿ ಮುಗಿದುಹೋಗುತ್ತದೆ. ಆಗ ಬೇರೆ ದಿನ ಕಾಣದ ಅನ್ನದ ಅಗುಳು ಸಹ ಕಾಣಬಹುದು. ಬೇಧಿ ನಿಂತ ಮೇಲೆ ಅದೂ ನಿಲ್ಲುತ್ತದೆ. ನಾಲ್ಕು ವಾರ ದಾಟಿದರೂ ನಿಲ್ಲದಿದ್ದರೆ ಮಾತ್ರ ಅದು ಬೇರೆ ಲೆಕ್ಕ.

ಅಕ್ಕನ ಮಗನಿಗೆ ಆಗಿದ್ದೂ ಇದೇ ಅವಸರ. ಮಕ್ಕಳ ಡಾಕ್ಟರು ಡೈಪರ್ ಕಡೆ ಜಾಸ್ತಿ ನೋಡಲಿಲ್ಲ. ಲಸಿಕೆ ಪುಸ್ತಕ ತೆರೆದು ತೂಕ, ಎತ್ತರದ ಗೆರೆ ನೋಡಿದರು. ಹುಟ್ಟಿದಾಗಿನಿಂದ ಯಾವ ಗೆರೆಯ ಮೇಲಿದ್ದನೋ ಅದೇ ಗೆರೆಯ ಮೇಲೆ ಏರುತ್ತಲೇ ಇದ್ದ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಜ್ಯೂಸ್ ಎಷ್ಟು ಕುಡೀತಾನೆ?" ಅಕ್ಕ ಸ್ವಲ್ಪ ತಡೆದು, ಸೇಬಿನ ಜ್ಯೂಸ್ ಬಾಟಲಿ ದಿನವಿಡೀ ಕೈಯಲ್ಲೇ ಇರುತ್ತದೆ ಅಂದಳು. ಸೇಬಿನ ರಸದಲ್ಲಿ ಫ್ರಕ್ಟೋಸ್, ಸಾರ್ಬಿಟಾಲ್ ಎಂಬ ಸಿಹಿಗಳು ಜಾಸ್ತಿ. ಪುಟ್ಟ ಕರುಳು ಅಷ್ಟನ್ನೂ ಹೀರಲಾರದು. ಉಳಿದದ್ದು ನೀರನ್ನು ತನ್ನ ಕಡೆ ಎಳೆದುಕೊಂಡು ಎಲ್ಲವನ್ನೂ ಬೇಗ ಮುಂದಕ್ಕೆ ತಳ್ಳುತ್ತದೆ. ಒಂದರಿಂದ ಐದು ವರ್ಷದ ಮಕ್ಕಳಲ್ಲಿ ಇದು ಮಾಮೂಲು. ಜ್ಯೂಸ್ ನಿಲ್ಲಿಸಿ, ಅನ್ನಕ್ಕೆ ತುಪ್ಪ ಹಾಕಿ ಅಂದರು. ಕೊಬ್ಬು ಕರುಳಿನ ಓಟವನ್ನು ನಿಧಾನ ಮಾಡುತ್ತದೆ. ಕೆಲವು ವಾರದಲ್ಲಿ ಸರಿಹೋಯಿತು.

ಹಾಗಾದರೆ ನಿಜಕ್ಕೂ ಮೈಗೆ ಹತ್ತದೇ ಇದ್ದಾಗ ಏನು ಕಾಣುತ್ತದೆ? ತಮಾಷೆಯೆಂದರೆ, ಕಾಳು, ಸೊಪ್ಪು ಏನೂ ಕಾಣದೇ ಇರಬಹುದು. ಆಗ ನೋಡಬೇಕಾದ್ದು ಜಿಡ್ಡನ್ನು.

ಹಿಟ್ಟು ಮತ್ತು ಪ್ರೋಟೀನು ಕರಗಲು ದೇಹದಲ್ಲಿ ಒಂದಕ್ಕಿಂತ ಹೆಚ್ಚು ದಾರಿಗಳಿವೆ. ಎಣ್ಣೆ, ತುಪ್ಪಕ್ಕೆ ಹಾಗಲ್ಲ. ಪಿತ್ತರಸ ಅದನ್ನು ಸಣ್ಣ ಹನಿಗಳಾಗಿ ಒಡೆಯಬೇಕು, ಆ ಮೇಲೆ ಮೇದೋಜೀರಕ ಗ್ರಂಥಿಯ, ಅಂದರೆ ಪ್ಯಾಂಕ್ರಿಯಾಸಿನ, ಲೈಪೇಸ್ ಎಂಬ ಕಿಣ್ವ ಅದನ್ನು ತುಂಡರಿಸಬೇಕು. ಅದಕ್ಕೇ ಪ್ಯಾಂಕ್ರಿಯಾಸ್ ಕೆಟ್ಟಾಗ ಮೊದಲು ಕೈಕೊಡುವುದು ಕೊಬ್ಬಿನ ಲೆಕ್ಕ. ಆದರೂ ಈ ಗ್ರಂಥಿಗೆ ತಾಳಿಕೆ ಜಾಸ್ತಿ. ಕಿಣ್ವ ತಯಾರಿಸುವ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತು ಭಾಗ ಹೋಗುವ ತನಕ ಮಲದಲ್ಲಿ ಜಿಡ್ಡು ಕಾಣುವುದಿಲ್ಲ.

ಹತ್ತಾರು ವರ್ಷ ಕುಡಿದ, 45 ವರ್ಷದ ಒಬ್ಬರನ್ನು ಊಹಿಸಿಕೊಳ್ಳಿ. ಹೊಟ್ಟೆಯ ಮೇಲ್ಭಾಗದ ನೋವು ಆಗಾಗ ಬೆನ್ನಿಗೆ ಹೋಗುತ್ತದೆ. ಊಟ ಚೆನ್ನಾಗಿಯೇ ಮಾಡುತ್ತಾರೆ, ಆದರೂ ಪ್ಯಾಂಟ್ ಸಡಿಲ. ಮಲ ಪೇಲವ ಬಣ್ಣದ್ದು, ಪ್ರಮಾಣ ಜಾಸ್ತಿ, ಕೆಟ್ಟ ನಾತ. ಕಮೋಡಿಗೆ ಅಂಟಿಕೊಳ್ಳುತ್ತದೆ. ಎರಡು ಮೂರು ಸಲ ಫ್ಲಶ್ ಮಾಡಿದರೂ ಹೋಗುವುದಿಲ್ಲ. ನೀರಿನ ಮೇಲೆ ಎಣ್ಣೆಯ ಹನಿ ಹೊಳೆಯುತ್ತದೆ. ದಿನಕ್ಕೆ 100 ಗ್ರಾಂ ಕೊಬ್ಬು ತಿಂದರೆ ಆರೋಗ್ಯವಂತರ ಮಲದಲ್ಲಿ ಹೋಗುವುದು 7 ಗ್ರಾಮಿಗಿಂತ ಕಮ್ಮಿ. ಇವರಿಗೆ 30 ಗ್ರಾಂ ಹೋಗುತ್ತಿದೆ ಎಂದಿಟ್ಟುಕೊಳ್ಳೋಣ. ಗ್ರಾಮಿಗೆ 9 ಕ್ಯಾಲೊರಿಯಂತೆ ದಿನಕ್ಕೆ 270 ಕ್ಯಾಲೊರಿ ನಷ್ಟ. ತಿಂಗಳಿಗೆ 8,100. ಇದು ಮೈಯಲ್ಲಿರುವ ಸುಮಾರು ಒಂದು ಕಿಲೊ ಕೊಬ್ಬಿಗೆ ಸಮ. ಪ್ಯಾಂಟ್ ಯಾಕೆ ಸಡಿಲವಾಯಿತು ಅಂತ ಗೊತ್ತಾಯಿತಲ್ಲ. ಕೊಬ್ಬಿನ ಜೊತೆಗೇ ಎ, ಡಿ, ಇ, ಕೆ ಜೀವಸತ್ವಗಳೂ ಹೊರಟುಹೋಗುತ್ತವೆ.

ಮಲ ತೇಲಿದರೆ ಕೊಬ್ಬು ಇದೆ ಎಂದು ಹಲವರು ಹೇಳುತ್ತಾರೆ. 1972ರಲ್ಲಿ ಅಮೆರಿಕದ ಲೆವಿಟ್ ಮತ್ತು ಡ್ಯುಯೇನ್ ಎಂಬ ವೈದ್ಯರು ಇದನ್ನು ಪರೀಕ್ಷಿಸಿ ನೋಡಿದರು. ಮಲ ತೇಲುವುದು ಕೊಬ್ಬಿನಿಂದಲ್ಲ, ಒಳಗೆ ಸಿಕ್ಕಿಕೊಂಡ ಗ್ಯಾಸಿನಿಂದ ಎಂದು ಗೊತ್ತಾಯಿತು. ಹಾಗಾಗಿ ತೇಲುವುದೊಂದನ್ನೇ ಹಿಡಿದು ಹೆದರಬೇಕಿಲ್ಲ. ಜಿಡ್ಡು, ನಾತ, ಇಳಿಯುವ ತೂಕ ಒಟ್ಟಿಗೆ ಇದ್ದರೆ ಹೊಟ್ಟೆಯ ಡಾಕ್ಟರ ಹತ್ತಿರ ಹೋಗಬೇಕು. ರಕ್ತ ಕಂಡರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಬೇಧಿಯಿದ್ದರೆ ಇನ್ನೂ ಬೇಗ.

ಪ್ಯಾಂಕ್ರಿಯಾಸ್ ಮೇಲೆ ಅನುಮಾನವಿದ್ದರೆ ಮಲದಲ್ಲಿ ಇಲಾಸ್ಟೇಸ್ ಎಂಬ ಕಿಣ್ವವನ್ನು ಅಳೆಯುತ್ತಾರೆ. ನೀರು ನೀರಾದ ಮಲ ಕೊಟ್ಟರೆ ಕಿಣ್ವವೂ ತೆಳುವಾಗಿ, ಇಲ್ಲದ ಕಾಯಿಲೆ ಇದ್ದಂತೆ ತೋರಿಸುತ್ತದೆ. ಸ್ವಲ್ಪ ಗಟ್ಟಿ ಇರುವ ದಿನ ಕೊಡುವುದು ಒಳ್ಳೆಯದು. ಕಾಯಿಲೆ ಖಚಿತವಾದರೆ ಕಿಣ್ವದ ಕ್ಯಾಪ್ಸೂಲ್ ಇದೆ. ಅದನ್ನು ಊಟದ ಜೊತೆಜೊತೆಗೇ ತಗೊಳ್ಳಬೇಕು. ಎರಡು ಗಂಟೆ ಬಿಟ್ಟು ನುಂಗಿದರೆ ಊಟ ಮುಂದೆ, ಕಿಣ್ವ ಹಿಂದೆ.

ಕೆಲವೊಮ್ಮೆ ದೋಷ ಗ್ರಂಥಿಯಲ್ಲಲ್ಲ, ಕರುಳಿನ ಗೋಡೆಯಲ್ಲಿರುತ್ತದೆ. ಗೋಧಿಯ ಗ್ಲುಟನ್ ಒಗ್ಗದ ಸೀಲಿಯಾಕ್ ಕಾಯಿಲೆ ಅಂಥದ್ದು. ಗೋಧಿ ಉಣ್ಣುವ ಉತ್ತರ ಭಾರತದಲ್ಲಿ ಇದು ಜಾಸ್ತಿ, ನಮ್ಮ ಕಡೆ ಅಪರೂಪ. ಕಬ್ಬಿಣದ ಅಂಶವನ್ನು ಹೀರುವ ಸಣ್ಣಕರುಳಿನ ಮೊದಲ ತುಂಡೇ ಇಲ್ಲಿ ಹೆಚ್ಚಾಗಿ ಹಾಳಾಗುತ್ತದೆ. ಹೀಗಾಗಿ ಮಲ ಮಾಮೂಲಿಯಾಗಿಯೇ ಕಂಡರೂ ಮಾತ್ರೆ ನುಂಗಿದಷ್ಟೂ ರಕ್ತ ಏರದೇ ಇರಬಹುದು. ಇದಕ್ಕೆ ರಕ್ತಪರೀಕ್ಷೆ ಇದೆ. ಆದರೆ ಅನುಮಾನ ಬಂತೆಂದು ಮೊದಲೇ ಚಪಾತಿ ಬಿಟ್ಟು ಕೂತರೆ, ಕಾಯಿಲೆ ಇದ್ದರೂ ಪರೀಕ್ಷೆ ಇಲ್ಲ ಎಂದೇ ಹೇಳಬಹುದು. ರಕ್ತ ಕೊಡುವ ತನಕ ಚಪಾತಿ ತಿನ್ನುತ್ತಲೇ ಇರಬೇಕು.