ದ್ವಿಬಂಧದ ಪಕ್ಕದ ಹೈಡ್ರೋಜನ್

ಶಿವಮೊಗ್ಗದ ಕಾಲೇಜೊಂದರಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ನಾನು ಮಾಡಿಸುತ್ತಿದ್ದ ಪ್ರಯೋಗಗಳಲ್ಲಿ ಎನ್-ಬ್ರೋಮೋಸಕ್ಸಿನಿಮೈಡ್, ಅಂದರೆ ಎನ್‌ಬಿಎಸ್ ಬಳಸುವ ಬ್ರೋಮಿನೀಕರಣ ನನಗೆ ಬಹಳ ಅಚ್ಚುಮೆಚ್ಚಿನದು. 8.2 ಗ್ರಾಂ ಸೈಕ್ಲೋಹೆಕ್ಸೀನ್, 17.8 ಗ್ರಾಂ ಎನ್‌ಬಿಎಸ್, ಚಿಟಿಕೆಯಷ್ಟು ಬೆನ್ಜಾಯಿಲ್ ಪೆರಾಕ್ಸೈಡ್: ಇಷ್ಟನ್ನು ಕಾರ್ಬನ್ ಟೆಟ್ರಾಕ್ಲೋರೈಡಿನಲ್ಲಿ ಕುದಿಸುತ್ತಿದ್ದೆವು. ಆ ದ್ರಾವಕ ವಿಷಕಾರಿಯಾದ್ದರಿಂದ ಈಗ ಬೇರೆ ದ್ರಾವಕಗಳನ್ನು ಬಳಸುತ್ತಾರೆ. ಆದರೆ ಅದರಲ್ಲಿ ಕಾಣುತ್ತಿದ್ದ ನೋಟ ಬೇರೆಲ್ಲೂ ಇಲ್ಲ. ಹೆಚ್ಚು ಕರಗದ ಎನ್‌ಬಿಎಸ್ ತಳದಲ್ಲಿ ಕೂರುತ್ತದೆ, ಅದರಿಂದ ಹುಟ್ಟುವ ಸಕ್ಸಿನಿಮೈಡ್ ಮೇಲೆ ತೇಲುತ್ತದೆ. ತಳದ ಬಿಳಿ ಪುಡಿಯೆಲ್ಲ ಮೇಲೇರಿತೆಂದರೆ ಕ್ರಿಯೆ ಮುಗಿಯಿತು.

ಪೆರಾಕ್ಸೈಡ್ ಒಡೆದು ಆರಂಭಿಸುವ ಸರಪಳಿಯಲ್ಲಿ ಬ್ರೋಮಿನ್ ಪರಮಾಣು, ಎರಡು ಕಾರ್ಬನ್‌ಗಳ ನಡುವೆ ದ್ವಿಬಂಧವಿರುವ ಸೈಕ್ಲೋಹೆಕ್ಸೀನಿನಿಂದ ಒಂದು ಹೈಡ್ರೋಜನ್ನನ್ನು ಕಿತ್ತುಕೊಳ್ಳುತ್ತದೆ. ಯಾವುದನ್ನು? ದ್ವಿಬಂಧದಿಂದ ದೂರವಿರುವ ಸಾಧಾರಣ ಕಾರ್ಬನ್ನಿನಿಂದ ಕೀಳಲು ಮೋಲ್ ಒಂದಕ್ಕೆ ಸುಮಾರು 410 ಕಿಲೋಜೌಲ್ ಬೇಕು. ದ್ವಿಬಂಧದ ಪಕ್ಕದ, ಅಲಿಲಿಕ್ ಎನಿಸುವ ಕಾರ್ಬನ್ನಿನಿಂದಾದರೆ 370ಕ್ಕಿಂತ ಹೆಚ್ಚು ಬೇಡ. ಅಲ್ಲಿ ಉಳಿಯುವ ಒಂಟಿ ಎಲೆಕ್ಟ್ರಾನ್ ಒಂದೇ ಕಾರ್ಬನ್ನಿನ ಮೇಲೆ ನಿಲ್ಲದೆ ದ್ವಿಬಂಧದ ಮೂಲಕ ಆಚೆಯ ಕಾರ್ಬನ್ನಿಗೂ ಹರಡಿಕೊಳ್ಳುವುದರಿಂದ ಒಂಟಿ ಎಲೆಕ್ಟ್ರಾನ್ ಹೊತ್ತ ಆ ರ‍್ಯಾಡಿಕಲ್ ಹೆಚ್ಚು ಸ್ಥಿರ. ಟಾಲ್ವಿನ್ನಿನ ಮೀಥೈಲ್ ಗುಂಪಿನಲ್ಲಿ, ಅಂದರೆ ಬೆನ್ಜಿಲಿಕ್ ಸ್ಥಾನದಲ್ಲಿ, ಅದೇ ಎಲೆಕ್ಟ್ರಾನ್ ಬೆನ್ಜೀನ್ ಉಂಗುರದೊಳಕ್ಕೆ ಹರಡುತ್ತದೆ.

ಹೈಡ್ರೋಜನ್-ಬ್ರೋಮಿನ್ ಬಂಧ ಕೂಡಿದಾಗ ಮರಳಿ ಸಿಗುವುದು 366 ಕಿಲೋಜೌಲ್ ಮಾತ್ರ. ಹಾಗಾಗಿ ಅಲಿಲಿಕ್ ಹಾದಿ ಹೆಚ್ಚುಕಡಿಮೆ ಸಮತಟ್ಟು, ಸಾಧಾರಣ ಹಾದಿ ಕಡಿದಾದ ಏರು. ಏರು ಹಾದಿಯ ತುದಿಯಲ್ಲಿ ಅಣು ಆಗಲೇ ಬಹುಪಾಲು ರ‍್ಯಾಡಿಕಲ್‌ನಂತಾಗಿರುವುದರಿಂದ, ಅದರ ಸ್ಥಿರತೆಯ ವ್ಯತ್ಯಾಸ ವೇಗದಲ್ಲೂ ಪೂರ್ಣವಾಗಿ ಕಾಣಿಸಿಕೊಳ್ಳುತ್ತದೆ. ಕ್ಲೋರಿನ್ನಿಗೆ 431 ಕಿಲೋಜೌಲ್ ಸಿಗುವುದರಿಂದ ಅದಕ್ಕೆ ಎಲ್ಲ ಹಾದಿಯೂ ಇಳಿಜಾರು, ಆಯ್ಕೆ ಅಷ್ಟು ಕಟ್ಟುನಿಟ್ಟಲ್ಲ.

ಹಾಗಾದರೆ ನೇರವಾಗಿ ಬ್ರೋಮಿನ್ನನ್ನೇ ಏಕೆ ಸುರಿಯಬಾರದು? ಸುರಿದರೆ ಅದು ದ್ವಿಬಂಧಕ್ಕೇ ಕೂಡಿಕೊಂಡು ಡೈಬ್ರೋಮೈಡ್ ಕೊಡುತ್ತದೆ. ಎನ್‌ಬಿಎಸ್ ಮಾಡುವ ಕೆಲಸ ಬೇರೆ: ಕ್ರಿಯೆಯಲ್ಲಿ ಹುಟ್ಟಿದ ಹೈಡ್ರೋಜನ್ ಬ್ರೋಮೈಡನ್ನು ನುಂಗಿ, ಅಷ್ಟೇ ಪ್ರಮಾಣದ ಬ್ರೋಮಿನ್ನನ್ನು ತೊಟ್ಟುತೊಟ್ಟಾಗಿ ಬಿಡುತ್ತದೆ. ಬ್ರೋಮಿನ್ ಪರಮಾಣು ದ್ವಿಬಂಧಕ್ಕೆ ಅಂಟಿದರೂ, ಕೈಗೆ ಸಿಗುವ ಇನ್ನೊಂದು ಬ್ರೋಮಿನ್ ಅಣುವಿಲ್ಲದೆ ಮತ್ತೆ ಬಿಟ್ಟುಹೋಗುತ್ತದೆ.

ಒಂದು ಆಷಾಢದಲ್ಲಿ ಜಡಿಮಳೆಯ ತೇವಕ್ಕೆ ಮುಚ್ಚಳ ಸಡಿಲವಾಗಿದ್ದ ಬಾಟಲಿಯ ಎನ್‌ಬಿಎಸ್ ಹಳದಿಯಾಗಿ, ಒಡೆದು ಬ್ರೋಮಿನ್ ಬಿಡತೊಡಗಿತ್ತು. ಅದನ್ನೇ ಹಾಕಿದ ತಂಡದ ಉತ್ಪನ್ನಕ್ಕೆ ತೆಗೆದ, ಅಣುವಿನ ಹೈಡ್ರೋಜನ್‌ಗಳು ಎಲ್ಲಿವೆ ಎಂದು ತೋರಿಸುವ ಎನ್‌ಎಂಆರ್‌ನಲ್ಲಿ 5.8 ಪಿಪಿಎಂ ಬಳಿ ಇರಬೇಕಿದ್ದ ದ್ವಿಬಂಧದ ಹೈಡ್ರೋಜನ್‌ಗಳ ಗುರುತು ತೀರಾ ಕುಗ್ಗಿತ್ತು. ಡೈಬ್ರೋಮೈಡ್ ಮೇಲುಗೈ ಪಡೆದಿತ್ತು. ಆಮೇಲೆ ಉಳಿದ ಪುಡಿಯನ್ನು ಬಿಸಿನೀರಿನಲ್ಲಿ ಬೇಗನೆ ಕರಗಿಸಿ, ತಣಿಸಿ ಹರಳುಗಟ್ಟಿಸಿ, ಚೆನ್ನಾಗಿ ಒಣಗಿಸಿ ಬಳಸಿದೆವು.

ಸೈಕ್ಲೋಹೆಕ್ಸೀನ್ ಸಮಮಿತವಾದ್ದರಿಂದ ಒಂಟಿ ಎಲೆಕ್ಟ್ರಾನ್ ಯಾವ ತುದಿಯಲ್ಲಿ ಬ್ರೋಮಿನ್ ಹಿಡಿದರೂ 3-ಬ್ರೋಮೋಸೈಕ್ಲೋಹೆಕ್ಸೀನೇ ಸಿಗುತ್ತದೆ. 1-ಆಕ್ಟೀನ್ ತೆಗೆದುಕೊಂಡರೆ ಅದೇ ಹರಡುವಿಕೆ ತೊಡಕಾಗುತ್ತದೆ: ಕಿತ್ತುಹೋದದ್ದು ಮೂರನೆಯ ಕಾರ್ಬನ್ನಿನ ಹೈಡ್ರೋಜನ್ ಆದರೂ, ಬ್ರೋಮಿನ್ ಒಂದನೆಯ ಕಾರ್ಬನ್ನಿನಲ್ಲಿಯೂ ಕೂರುತ್ತದೆ, ಕೈಗೆ ಬರುವುದು ಮಿಶ್ರಣ.